ಫೋನಿನ ಕಿವಿಪರೀಕ್ಷೆ: ಇಯರ್‌ಬಡ್‌ಗೆ ಸಾಕು, ಕಿವಿಗೆ ಸಾಲದು

ಪ್ರಶ್ನೆ: ನನಗೆ 46 ವರ್ಷ, ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ. ನನ್ನ ಸ್ಯಾಮ್‌ಸಂಗ್ ಫೋನಿನಲ್ಲಿ Adapt sound ಎಂಬ ಕಿವಿಪರೀಕ್ಷೆ ಇದೆ. ಅದನ್ನು ಮಾಡಿಕೊಂಡೆ, ಎಡಗಿವಿ ಬಲಗಿವಿಗಿಂತ ಸಾಕಷ್ಟು ಮಂದ ಎಂದು ತೋರಿಸಿತು. ಅದರಂತೆ ಧ್ವನಿ ಹೊಂದಿಸಿದ ಮೇಲೆ ಇಯರ್‌ಬಡ್‌ನಲ್ಲಿ ಹಾಡು, ಭಾಷಣ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿವೆ. ಮನೆಯಲ್ಲಿ ಮಾತ್ರ ‘ಟಿವಿ ಸದ್ದು ಕಡಿಮೆ ಮಾಡಿ’ ಎಂಬ ಗೊಣಗಾಟ ನಿಂತಿಲ್ಲ. ಫೋನೇ ಪರೀಕ್ಷಿಸಿ ಸರಿಪಡಿಸುವಾಗ ಆಸ್ಪತ್ರೆಗೆ ಹೋಗಿ ದುಡ್ಡು ಸುರಿಯಬೇಕೇ?

ಉತ್ತರ: ಹೋಗಬೇಕು. ಆದರೆ ಅದಕ್ಕೂ ಮೊದಲು ಮನೆಯಲ್ಲೇ ಅರ್ಧ ಗಂಟೆ ಕೊಟ್ಟು ಒಂದು ವಿಷಯ ತಿಳಿದುಕೊಳ್ಳಿ. ಮಂದವಾಗಿರುವುದು ನಿಮ್ಮ ಎಡಗಿವಿಯೋ, ಎಡಗಡೆಯ ಇಯರ್‌ಬಡ್ಡೋ?

ಈ ಅನುಮಾನ ಕುಚೋದ್ಯಕ್ಕೆ ಕೇಳಿದ್ದಲ್ಲ. ಬಳಸಿದ ಇಯರ್‌ಬಡ್‌ನ ರಬ್ಬರ್ ತುದಿ ತೆಗೆದು ಬೆಳಕಿಗೆ ಹಿಡಿದರೆ ಸದ್ದು ಹೊರಬರುವ ಸಣ್ಣ ಜಾಲರಿ ಕಾಣುತ್ತದೆ. ಕಿವಿಯ ಗುಗ್ಗೆ ಅದರ ಮೇಲೆ ಹಳದಿ ಮಿಶ್ರಿತ ಕಂದು ಪೊರೆಯಂತೆ ಅಂಟಿಕೊಂಡಿರುತ್ತದೆ. ಎರಡೂ ಕಿವಿಯಲ್ಲಿ ಗುಗ್ಗೆ ಸಮನಾಗಿ ಬರುವುದಿಲ್ಲ, ಆದ್ದರಿಂದ ಎರಡೂ ಜಾಲರಿ ಒಂದೇ ಮಟ್ಟದಲ್ಲಿ ಮುಚ್ಚಿಕೊಳ್ಳುವುದೂ ಇಲ್ಲ. ಒಂದು ಬದಿಯ ಜಾಲರಿ ಅರ್ಧ ಮುಚ್ಚಿದರೂ ಆ ಬದಿಯ ಸದ್ದು ಕುಗ್ಗುತ್ತದೆ. ಫೋನಿಗೆ ಇದೆಲ್ಲ ಗೊತ್ತಾಗುವುದು ಹೇಗೆ? ಅದು ಬೀಪ್ ಕಳಿಸುತ್ತದೆ, ನೀವು ‘ಕೇಳಲಿಲ್ಲ’ ಎಂದು ಒತ್ತುತ್ತೀರಿ, ಅದು ನಿಮ್ಮ ಕಿವಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಆದ್ದರಿಂದ ಮೊದಲು ಒಣಗಿದ ಮೆತ್ತನೆಯ ಬ್ರಷ್‌ನಿಂದ, ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಎರಡನ್ನೂ ಸ್ವಚ್ಛ ಮಾಡಿ. ನೀರು ಬೇಡ, ಪಿನ್ನಿನಿಂದ ಚುಚ್ಚುವುದಂತೂ ಬೇಡವೇ ಬೇಡ. ಆಮೇಲೆ ಫೋನಿನ Accessibility ವಿಭಾಗದಲ್ಲಿ ಎಡ ಬಲ ಸದ್ದಿನ ಸಮತೋಲನದ ಪಟ್ಟಿ ನಡುವಿನಲ್ಲೇ ಇದೆಯೇ ನೋಡಿ. ಬೆರಳು ತಗುಲಿ ಅದು ಸರಿದಿರುವುದು ಅಪರೂಪವೇನಲ್ಲ. ಈಕ್ವಲೈಸರ್, ಡಾಲ್ಬಿ ಮುಂತಾದವನ್ನು ಆಫ್ ಮಾಡಿ. ನಂತರ ಮನೆಯಲ್ಲಿ ಕಿವಿ ಚುರುಕಾಗಿರುವ ಇಪ್ಪತ್ತರ ಆಸುಪಾಸಿನ ಒಬ್ಬರಿಗೆ ಅದೇ ಇಯರ್‌ಬಡ್, ಅದೇ ಫೋನ್ ಕೊಟ್ಟು ಅದೇ ಪರೀಕ್ಷೆ ಮಾಡಿಸಿ. ಅವರಿಗೂ ಎಡಗಡೆ ಮಂದ ಎಂದು ಬಂದರೆ ದೋಷ ಉಪಕರಣದ್ದು. ಅವರಿಗೆ ಎರಡೂ ಸಮನಾಗಿ ಬಂದು, ನಿಮಗೆ ಮರುಪರೀಕ್ಷೆಯಲ್ಲೂ ಎಡಗಡೆಯೇ ಮಂದ ಬಂದರೆ ಕಿವಿಯ ಕಡೆ ಗಮನ ಕೊಡಬೇಕು.

ಫೋನಿನ ಪರೀಕ್ಷೆಯ ಬಲ, ದೌರ್ಬಲ್ಯ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಅದು ಅಳೆಯುವುದು ಬರಿಯ ಕಿವಿಯನ್ನಲ್ಲ. ಆ ಫೋನ್, ಆ ಇಯರ್‌ಬಡ್, ಅದರ ರಬ್ಬರ್ ತುದಿ ನಿಮ್ಮ ಕಿವಿಯಲ್ಲಿ ಕೂತ ಬಗೆ, ಆ ಹೊತ್ತಿನ ಕೋಣೆಯ ಗದ್ದಲ, ಇವೆಲ್ಲದರ ಜೊತೆಗೆ ನಿಮ್ಮ ಕಿವಿ, ಹೀಗೆ ಒಟ್ಟು ಮೊತ್ತವನ್ನು ಅಳೆಯುತ್ತದೆ. ಧ್ವನಿ ಹೊಂದಿಸಲು ಇದು ಅನುಕೂಲವೇ. ನೀವು ಹಾಡು ಕೇಳುವುದು ಅದೇ ಇಯರ್‌ಬಡ್‌ನಲ್ಲಿ ತಾನೆ? ಯಾವುದೋ ತೀಕ್ಷ್ಣ ಸ್ವರವನ್ನು ಇಯರ್‌ಬಡ್ಡೇ ಮೆಲ್ಲಗೆ ನುಡಿಸುತ್ತಿದ್ದರೂ ಸರಿ, ಕಿವಿಯೇ ಮೆಲ್ಲಗೆ ಕೇಳುತ್ತಿದ್ದರೂ ಸರಿ, ಆ ಸ್ವರವನ್ನು ಸ್ವಲ್ಪ ಎತ್ತಿದರೆ ಕೆಲಸ ಆಯಿತು. ಕಾರಣ ಯಾರಿಗೆ ಬೇಕು? ಆಸ್ಪತ್ರೆಯಲ್ಲಿ ಬೇಕಾಗಿರುವುದು ಆ ಕಾರಣವೇ. ಮೊತ್ತ ಮಾತ್ರ ಕೊಟ್ಟರೆ ಅದರಲ್ಲಿ ಕಿವಿಯ ಪಾಲೆಷ್ಟು ಎಂದು ಕೇಳುವ ಶಕ್ತಿಯನ್ನು ಪರೀಕ್ಷಿಸುವ ನನ್ನಂಥ ಆಡಿಯೊಲಜಿಸ್ಟ್ ಹೇಳಲಾರರು.

ಮೊದಲು ಧ್ವನಿ ಹೊಂದಿಸುವ ವಿಷಯ ಮುಗಿಸೋಣ, ಏಕೆಂದರೆ ಅದನ್ನೂ ಹೆಚ್ಚಿನವರು ಅವಸರದಲ್ಲಿ ಮಾಡುತ್ತಾರೆ. Settings ಒಳಗೆ Sounds and vibration, ಅದರೊಳಗೆ Sound quality and effects, ಅಲ್ಲಿ Adapt sound ಇರುತ್ತದೆ. ಮಾದರಿ ಬದಲಾದರೆ ಹೆಸರೂ ಜಾಗವೂ ಕೊಂಚ ಬದಲಾಗಬಹುದು. ಅಲ್ಲಿ ವಯಸ್ಸಿನ ಪ್ರಕಾರ ಸಿದ್ಧವಾಗಿಟ್ಟ ಆಯ್ಕೆಗಳೂ ಇರುತ್ತವೆ. ಅವು ಆ ವಯಸ್ಸಿನವರ ಸರಾಸರಿಯ ಮೇಲೆ ನಿಂತವು. ಪರೀಕ್ಷೆ ಮಾಡಿಕೊಳ್ಳುವುದಾದರೆ ಅವನ್ನು ಬಿಡಿ.

ಪರೀಕ್ಷೆಗೆ ಮುನ್ನ ಫ್ಯಾನ್ ಆರಿಸಿ. ನಮ್ಮ ಮನೆಗಳಲ್ಲಿ ಫ್ಯಾನಿನ ಸದ್ದು ಎಷ್ಟು ರೂಢಿಯಾಗಿದೆಯೆಂದರೆ ಅದು ಸದ್ದು ಎಂದೇ ನಮಗೆ ಅನ್ನಿಸುವುದಿಲ್ಲ. ಅದರ ಗೊರಗೊರ ಬಹುಪಾಲು ತಗ್ಗಿನ ಸ್ವರದ್ದು, ಪರೀಕ್ಷೆಯ ತಗ್ಗಿನ ಬೀಪ್‌ಗಳನ್ನು ಅದು ನುಂಗಿಹಾಕುತ್ತದೆ. ಫ್ರಿಜ್ ಇರುವ ಕೋಣೆಯೂ ಬೇಡ. ರಾತ್ರಿ ಹತ್ತರ ಮೇಲೆ, ರಸ್ತೆಯಿಂದ ದೂರದ ಒಳಕೋಣೆ ಒಳ್ಳೆಯದು. ರಬ್ಬರ್ ತುದಿ ಕಿವಿಯ ಬಾಯನ್ನು ಪೂರ್ತಿ ಮುಚ್ಚಬೇಕು. ಸಣ್ಣ ಸಂದಿ ಇದ್ದರೂ ತಗ್ಗಿನ ಸ್ವರಗಳು ಅಲ್ಲಿಂದ ಸೋರಿಹೋಗುತ್ತವೆ, ಫೋನು ಅದನ್ನೂ ಕಿವಿಯ ಮಂದತನವೆಂದೇ ತಿಳಿಯುತ್ತದೆ. ನಿಮ್ಮ ಸ್ವಂತ ಮಾತು ತಲೆಯೊಳಗೆ ಗುಂಯ್ ಎಂದು ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಎರಡೂ ಕಿವಿಯ ಅಳತೆ ಒಂದೇ ಇರಬೇಕೆಂದಿಲ್ಲ. ಎಡಕ್ಕೆ ಮಧ್ಯಮ ಗಾತ್ರದ ತುದಿ, ಬಲಕ್ಕೆ ಸಣ್ಣದು ಹಾಕಿಕೊಳ್ಳುವವರು ಬೇಕಾದಷ್ಟು ಜನರಿದ್ದಾರೆ.

ಬೀಪ್ ಬಂದಾಗ ಊಹೆ ಮಾಡಬೇಡಿ. ಪರದೆಯ ಮೇಲೆ ಪ್ರಶ್ನೆ ಬಂದಾಗಲೆಲ್ಲ ಬೀಪ್ ಬಂದಿದೆ ಎಂದು ಮೊದಲೇ ಗೊತ್ತಿರುವುದರಿಂದ, ಕೇಳದಿದ್ದರೂ ‘ಕೇಳಿತು’ ಎಂದು ಒತ್ತುವ ಆಸೆ ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಆಡಿಯೊಮೆಟ್ರಿ ಎಂಬ ಕಿವಿಪರೀಕ್ಷೆಯ ಕೋಣೆಯಲ್ಲಿ ಪರೀಕ್ಷಕರು ಬೇಕೆಂದೇ ಬೀಪ್‌ಗಳ ನಡುವಿನ ಅಂತರವನ್ನು ಏರುಪೇರು ಮಾಡುತ್ತಾರೆ, ಸದ್ದೇ ಇಲ್ಲದಾಗ ಗುಂಡಿ ಒತ್ತುವವರನ್ನು ಅಲ್ಲೇ ಹಿಡಿಯುತ್ತಾರೆ. ಒಂದೊಂದು ಸ್ವರಕ್ಕೂ ಕೇಳಿದರೆ 10 ಡೆಸಿಬಲ್ ಇಳಿಸಿ, ಕೇಳದಿದ್ದರೆ 5 ಏರಿಸಿ, ಅದೇ ಮಟ್ಟದಲ್ಲಿ ಉತ್ತರ ಮತ್ತೆ ಮತ್ತೆ ಸಿಗುವವರೆಗೂ ಬಿಡುವುದಿಲ್ಲ. ಮನೆಯಲ್ಲಿ ಆ ಕಾವಲು ನಿಮ್ಮದೇ.

ಫಲಿತಾಂಶ ಬಂದ ಮೇಲೆ ಹಳೆಯ ಧ್ವನಿ, ಹೊಂದಿಸಿದ ಧ್ವನಿ ಎರಡನ್ನೂ ಕೇಳಿಸುವ ಅವಕಾಶವಿದೆ. ಇಲ್ಲಿ ಬಹುತೇಕ ಎಲ್ಲರೂ ಮೋಸ ಹೋಗುತ್ತಾರೆ. ಹೊಂದಿಸಿದ ಧ್ವನಿಯಲ್ಲಿ ಕೆಲವು ಸ್ವರಗಳನ್ನು ಎತ್ತಿರುವುದರಿಂದ ಒಟ್ಟು ಸದ್ದೇ ಜೋರಾಗಿರುತ್ತದೆ, ಜೋರಾಗಿರುವುದು ಮನುಷ್ಯನ ಕಿವಿಗೆ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಹೊಂದಿಸಿದ ಧ್ವನಿಗೆ ಬದಲಾದಾಗ ವಾಲ್ಯೂಮ್ ಒಂದೆರಡು ಮೆಟ್ಟಿಲು ಇಳಿಸಿ ಹೋಲಿಸಿ. ಹಾಡಿಗಿಂತ ಆಕಾಶವಾಣಿಯ ವಾರ್ತೆ ಒಳ್ಳೆಯ ಒರೆಗಲ್ಲು. ಕನ್ನಡದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ, ನಡುವಿನ ಸ್ವರಗಳಲ್ಲಿದೆ. ಸ, ಶ ಮುಂತಾದವುಗಳ ಸುಯ್ಯೆನ್ನುವ ಸದ್ದು 4,000 ಹರ್ಟ್ಸ್‌ನ ಆಚೀಚೆ ಹಾಗೂ ಅದಕ್ಕೂ ಮೇಲೆ ಇರುತ್ತದೆ. ಹೊಂದಿಸಿದ ಮೇಲೆ ‘ಸಾಲು’ ‘ಹಾಲು’ಗಳ ವ್ಯತ್ಯಾಸ ಸಲೀಸಾಗಿ ತಿಳಿಯುತ್ತಿದ್ದು, ವಾಲ್ಯೂಮ್ ಮೊದಲಿಗಿಂತ ಕಡಿಮೆ ಸಾಕಾಗುತ್ತಿದ್ದರೆ ಅದು ನಿಜವಾದ ಲಾಭ. ಅಷ್ಟರಿಂದಲೇ ಈ ಸೌಲಭ್ಯ ತನ್ನ ಅನ್ನ ತಾನು ದುಡಿದಂತಾಯಿತು. ವಾಲ್ಯೂಮ್ ಇಳಿಸದೆ ಮೊದಲಿನಷ್ಟೇ ಇಟ್ಟರೆ, ಎತ್ತಿದ ಸ್ವರಗಳ ಹೆಚ್ಚುವರಿ ಹೊರೆ ಈಗಾಗಲೇ ದಣಿದಿರುವ ಕಿವಿಯ ಮೇಲೇ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಇನ್ನು ಟಿವಿಯ ಗೊಣಗಾಟ. ಫೋನು ಸರಿಪಡಿಸಿದ್ದು ಇಯರ್‌ಬಡ್ ಮೂಲಕ ಬರುವ ಸದ್ದನ್ನು ಮಾತ್ರ. ಟಿವಿ, ಪಕ್ಕದ ಮೇಜಿನವರ ಮಾತು, ಅಡುಗೆಮನೆಯಿಂದ ಬರುವ ಕರೆ ಇವೆಲ್ಲ ಇಯರ್‌ಬಡ್ ಇಲ್ಲದ ಕಿವಿಗೆ ಬರುವಂಥವು. ಅಲ್ಲಿ ನಿಮ್ಮ ಕಿವಿ ಮೊದಲು ಹೇಗಿತ್ತೋ ಹಾಗೇ ಇದೆ. ನಿಮ್ಮ ಮನೆಯವರ ಗೊಣಗಾಟ, ನನ್ನ ಲೆಕ್ಕದಲ್ಲಿ, ಫೋನಿನ ಗ್ರಾಫಿಗಿಂತ ಹೆಚ್ಚು ತೂಕದ ಸಾಕ್ಷ್ಯ.

ಆಸ್ಪತ್ರೆಯ ಪರೀಕ್ಷೆಯಲ್ಲಿ ಅಂಥದ್ದೇನಿದೆ ಎಂದರೆ, ಮೊದಲನೆಯದು ಅಳತೆಯ ನಂಬಿಕೆ. ಪರೀಕ್ಷೆಯ ಯಂತ್ರವಾದ ಆಡಿಯೊಮೀಟರ್‌ನ ಹೆಡ್‌ಫೋನ್ ಇಂತಿಷ್ಟು ಡೆಸಿಬಲ್ ಎಂದರೆ ಅಷ್ಟೇ ನುಡಿಯುತ್ತದೆಯೇ ಎಂದು ಕೃತಕ ಕಿವಿಯಂಥ ಉಪಕರಣಕ್ಕೆ ಜೋಡಿಸಿ ಕಾಲಕಾಲಕ್ಕೆ ತಾಳೆ ನೋಡುತ್ತಾರೆ. ಅದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವಿದೆ, ಆರೋಗ್ಯವಂತ ಯುವಕ ಯುವತಿಯರು ಕೇಳಬಲ್ಲ ಅತಿ ಮೆಲ್ಲನೆಯ ಸದ್ದೇ ಅದರ ಸೊನ್ನೆ. ನಿಮ್ಮ ಫೋನಿಗೆ ಯಾವ ಕಂಪನಿಯ ಯಾವ ಇಯರ್‌ಬಡ್ ಬೇಕಾದರೂ ಜೋಡಿಸಬಹುದು. ಒಂದೇ ಆಜ್ಞೆಗೆ ಒಂದು ಜೋರಾಗಿ, ಇನ್ನೊಂದು ಮೆಲ್ಲಗೆ ನುಡಿಯುತ್ತದೆ. ಬಟ್ಟಿನ ತೂಕವೇ ಗೊತ್ತಿಲ್ಲದ ತಕ್ಕಡಿಯಂತೆ, ಯಾವ ತಟ್ಟೆ ಭಾರ ಎಂದು ಅದು ತೋರಿಸಬಲ್ಲದು, ಎಷ್ಟು ಕಿಲೋ ಎಂದು ಹೇಳಲಾರದು. ಎಡಬಲದ ವ್ಯತ್ಯಾಸದ ಬಗ್ಗೆ ನಿಮ್ಮ ಫೋನು ಹೇಳಿದ್ದನ್ನು ನಾನು ತಳ್ಳಿಹಾಕದೆ ಇರುವುದೂ ಇದೇ ಕಾರಣಕ್ಕೆ.

ಆಪಲ್ ಕಂಪನಿಯದು ಸ್ವಲ್ಪ ಬೇರೆ. ಅವರ ಪರೀಕ್ಷೆ ಏರ್‌ಪಾಡ್ಸ್ ಪ್ರೊ ಎರಡನೇ ತಲೆಮಾರಿನಿಂದ ಆರಂಭವಾಗಿ, ತಮ್ಮದೇ ಇಯರ್‌ಬಡ್‌ಗಾಗಿ ರೂಪಿಸಿದ್ದು. ತುದಿ ಸರಿಯಾಗಿ ಕೂತಿದೆಯೇ, ಕೋಣೆ ಸದ್ದಿಲ್ಲದೆ ಇದೆಯೇ ಎಂದು ಮೊದಲು ನೋಡಿಕೊಂಡು, ಪ್ರತಿ ಕಿವಿಗೂ ಆಡಿಯೊಗ್ರಾಮ್ ಎಂಬ ಕೇಳುವಿಕೆಯ ಗ್ರಾಫು ಮತ್ತು ಡೆಸಿಬಲ್ ಅಂಕಿ ಕೊಡುತ್ತದೆ. ಅದರ ಜೊತೆಗಿನ ಶ್ರವಣಸಾಧನದ ಸೌಲಭ್ಯಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿಯೂ ಸಿಕ್ಕಿತು. ಆದರೆ ಅನುಮತಿ ಸಿಕ್ಕಿದ್ದು 18 ದಾಟಿದ, ಸೌಮ್ಯದಿಂದ ಮಧ್ಯಮ ಮಟ್ಟದ ಮಂದತನ ತಮಗಿದೆ ಎಂದುಕೊಂಡವರ ಬಳಕೆಗೆ. ಬಟ್ಟಿನ ತೂಕದ ತೊಂದರೆಯನ್ನು ಅವರು ಬಹುಮಟ್ಟಿಗೆ ಬಗೆಹರಿಸಿದ್ದಾರೆ ಎಂದು ಒಪ್ಪೋಣ. ಮುಂದೆ ಹೇಳುವ ಕೊರತೆ ಮಾತ್ರ ಅದಕ್ಕೂ ಇದೆ.

ಎರಡನೆಯದು, ಅಡ್ಡಿ ಎಲ್ಲಿದೆ ಎಂಬ ಪತ್ತೆ. ಇಯರ್‌ಬಡ್‌ನ ಸದ್ದು ಹೊರಕಿವಿಯ ನಾಳದಲ್ಲಿ ಸಾಗಿ, ಕಿವಿತಮಟೆಯನ್ನು ಅದುರಿಸಿ, ಮಧ್ಯಕಿವಿಯ ಮೂರು ಪುಟ್ಟ ಮೂಳೆಗಳನ್ನು ದಾಟಿ ಒಳಕಿವಿಗೆ ತಲುಪಬೇಕು. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ‘ಕೇಳಲಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಗುಗ್ಗೆ ತುಂಬಿದ್ದರೂ, ತಮಟೆಯಲ್ಲಿ ತೂತಿದ್ದರೂ, ಮೂಳೆ ಬಿಗಿದುಕೊಂಡಿದ್ದರೂ, ಒಳಕಿವಿಯ ಕೋಶಗಳು ಸವೆದಿದ್ದರೂ ಅದೇ ಉತ್ತರ. ಬೇರ್ಪಡಿಸಿ ನೋಡಲು ನಾವು ಕಿವಿಯ ಹಿಂದಿನ ಉಬ್ಬು ಮೂಳೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಂಪಕವೊಂದನ್ನು ಇಡುತ್ತೇವೆ. ಅದರ ಅದುರು ತಲೆಬುರುಡೆಯ ಮೂಲಕ ನೇರವಾಗಿ ಒಳಕಿವಿ ಸೇರುತ್ತದೆ, ಹೊರಕಿವಿ ಮಧ್ಯಕಿವಿಗಳ ಹಂಗಿಲ್ಲ. ಪರೀಕ್ಷಿಸದ ಕಿವಿ ನಡುವೆ ಬಾಯಿ ಹಾಕಿ ಉತ್ತರ ಕೊಡದಂತೆ ಅದಕ್ಕೆ ಸುಯ್ಯೆನ್ನುವ ಸದ್ದು ಕೊಟ್ಟು ಸುಮ್ಮನಾಗಿಸುತ್ತೇವೆ. ಗಾಳಿಯ ದಾರಿಯಲ್ಲಿ ಮಂದ, ಮೂಳೆಯ ದಾರಿಯಲ್ಲಿ ಸರಿ ಎಂದಾದರೆ ಅಡ್ಡಿ ದಾರಿಯಲ್ಲಿದೆ. ಎರಡರಲ್ಲೂ ಒಂದೇ ಸಮ ಮಂದವಾದರೆ ಒಳಕಿವಿ ಅಥವಾ ನರದ ಕಡೆ ನೋಡಬೇಕು. ಇಯರ್‌ಬಡ್‌ಗೆ ಇರುವುದು ಗಾಳಿಯ ದಾರಿ ಒಂದೇ.

ನಿಮ್ಮಂತೆಯೇ ಫೋನಿನ ಪರೀಕ್ಷೆ ಮಾಡಿಕೊಂಡು ಬಂದ ಒಬ್ಬರ ವಿಷಯ ಹೇಳುತ್ತೇನೆ. ವಯಸ್ಸು ಐವತ್ತರ ಮೇಲೆ. ಒಂದು ಕಿವಿ ಮಂದ ಎಂದು ಫೋನು ತೋರಿಸಿತ್ತು, ಹೊಂದಿಸಿದ ಮೇಲೆ ಸಂಗೀತ ಸೊಗಸಾಗಿ ಕೇಳುತ್ತಿದ್ದುದರಿಂದ ತಿಂಗಳುಗಟ್ಟಲೆ ಸುಮ್ಮನಿದ್ದರು. ಬಂದದ್ದೂ ಕಿವಿ ‘ಕಟ್ಟಿದಂತಿದೆ’ ಎಂಬ ಕಿರಿಕಿರಿಗೆ. ಗಾಳಿಯ ದಾರಿಯ ಪರೀಕ್ಷೆಯಲ್ಲಿ ಆ ಕಿವಿ ತಗ್ಗಿನ ಸ್ವರಗಳಲ್ಲಿ 40 ಡೆಸಿಬಲ್ ಹತ್ತಿರ, ಮೇಲಿನವುಗಳಲ್ಲಿ 30ರ ಹತ್ತಿರ ಬಂತು. ಫೋನು ಸುಳ್ಳು ಹೇಳಿರಲಿಲ್ಲ. ಕಂಪಕ ಇಟ್ಟಾಗ ಅದೇ ಕಿವಿ 10ರಲ್ಲೇ ಕೇಳಿತು. ಅಂದರೆ ಒಳಕಿವಿ ಗಟ್ಟಿಮುಟ್ಟಾಗಿದೆ, ಸುಮಾರು 20ರಿಂದ 30 ಡೆಸಿಬಲ್‌ನಷ್ಟು ಸದ್ದು ದಾರಿಯಲ್ಲೇ ಕಳೆದುಹೋಗುತ್ತಿದೆ. ಕಿವಿಯ ಬಾಯಿಗೆ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡವನ್ನು ಏರಿಸಿ ಇಳಿಸುವ ಟಿಂಪನೊಮೆಟ್ರಿ ಎಂಬ ಪರೀಕ್ಷೆ ಮಾಡಿದೆವು. ಆರೋಗ್ಯವಂತ ತಮಟೆಯಾದರೆ ಗುಡ್ಡದಂಥ ಗೆರೆ ಬರಬೇಕು, ಇವರದು ಚಪ್ಪಟೆಯಾಗಿ ಬಂತು. ತಮಟೆಯ ಹಿಂದೆ ನೀರು ತುಂಬಿಕೊಂಡಿದ್ದರೆ ಹೀಗಾಗುತ್ತದೆ.

ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ಹೀಗೆ ನೀರು ನಿಂತರೆ ಕಿವಿ, ಮೂಗು, ಗಂಟಲು ತಜ್ಞರು ಮೂಗಿನ ಹಿಂಭಾಗವನ್ನು ದುರ್ಬೀನು ಹಾಕಿ ನೋಡದೆ ಬಿಡುವುದಿಲ್ಲ. ಮಧ್ಯಕಿವಿಯಿಂದ ಗಂಟಲಿನ ಮೇಲ್ಭಾಗಕ್ಕೆ ಇಳಿಯುವ ನಾಳದ ಬಾಯಿ ಅಲ್ಲಿದೆ. ಅದನ್ನು ಗಡ್ಡೆಯೇನಾದರೂ ಒತ್ತುತ್ತಿದೆಯೇ ಎಂಬುದನ್ನು ಮೊದಲು ತಳ್ಳಿಹಾಕಬೇಕು. ಇವರಿಗೆ ಅಂಥದ್ದೇನೂ ಇರಲಿಲ್ಲ. ಬಿಡದೆ ಕಾಡಿದ ನೆಗಡಿಯ ಬಳುವಳಿ ಅಷ್ಟೇ, ಚಿಕಿತ್ಸೆಯಿಂದ ಕಿವಿ ತಿಳಿಯಾಯಿತು. ಹಾಗಾದ ಮೇಲೆ ಹಳೆಯ ಹೊಂದಾಣಿಕೆಯಲ್ಲಿ ಹಾಡು ಕೇಳಿದರೆ ಆ ಬದಿ ಕಿವಿಗಡಚಿಕ್ಕುತ್ತಿತ್ತು. ಅದೇ ಗ್ರಾಫು ಒಳಕಿವಿ ಸವೆದವರಿಗೂ ಬರಬಹುದಿತ್ತು, ಒಳಕಿವಿಯ ನರದ ಮೇಲೆ ಸಣ್ಣ ಗಂಟು ಬೆಳೆಯುತ್ತಿದ್ದವರಿಗೂ ಬರಬಹುದಿತ್ತು. ಮೂವರ ಇಯರ್‌ಬಡ್ಡನ್ನೂ ಫೋನು ಒಂದೇ ರೀತಿ ಹೊಂದಿಸುತ್ತಿತ್ತು. ಮೂವರೂ ಸಂತೋಷವಾಗಿರುತ್ತಿದ್ದರು, ನನ್ನ ಭಯ ಅದೇ.

ಒಳಕಿವಿಯೇ ಸವೆದಿದ್ದರೆ ಮೆಲ್ಲನೆಯ ಬೀಪ್ ಕೇಳಿತೋ ಇಲ್ಲವೋ ಎಂಬುದಷ್ಟೇ ಸಾಲುವುದಿಲ್ಲ. ಅಂಥ ಕಿವಿಗೆ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಜೋರು ಸದ್ದು ಮಾತ್ರ ಬೇರೆಯವರಿಗೆ ಕೇಳುವಷ್ಟೇ ಜೋರಾಗಿ ಕೇಳುತ್ತದೆ. 40 ಡೆಸಿಬಲ್ ಕೊರತೆಗೆ 40 ಡೆಸಿಬಲ್ ಸೇರಿಸಿದರೆ ಪಾತ್ರೆ ಬಿದ್ದ ಸದ್ದಿಗೆ ತಲೆ ಸಿಡಿಯುತ್ತದೆ. ಶ್ರವಣಸಾಧನ ಹೊಂದಿಸುವವರು ಮೆಲ್ಲನೆಯದನ್ನು ಹೆಚ್ಚು ಎತ್ತಿ, ಜೋರಾದದ್ದನ್ನು ಕಡಿಮೆ ಎತ್ತುವ ಲೆಕ್ಕ ಹಾಕುವುದು ಅದಕ್ಕೇ. ಜೊತೆಗೆ ಮಾತಿನ ಪರೀಕ್ಷೆ ಇದೆ. ಕನ್ನಡದ ಪದಪಟ್ಟಿ ಓದಿ ನೀವು ಎಷ್ಟನ್ನು ಸರಿಯಾಗಿ ತಿರುಗಿ ಹೇಳುತ್ತೀರಿ ಎಂದು ಎಣಿಸುತ್ತೇವೆ. ಬೀಪ್ ಚೆನ್ನಾಗಿ ಕೇಳಿಯೂ ಮಾತು ತಿಳಿಯದವರಿದ್ದಾರೆ; ಆ ಎರಡರ ನಡುವಿನ ಬಿರುಕು ಹಲವು ಸಲ ನರದ ತೊಂದರೆಯ ಮೊದಲ ಸುಳಿವು.

ನಿಮ್ಮ ಪ್ರಶ್ನೆಗೆ ಬಂದರೆ: ಜಾಲರಿ ಸ್ವಚ್ಛ ಮಾಡಿ, ಬೇರೆಯವರಿಂದ ತಾಳೆ ನೋಡಿ, ಮರುಪರೀಕ್ಷೆಯಲ್ಲೂ ಎಡಗಿವಿಯೇ ಮಂದ ಎಂದು ಬಂದರೆ ಕೆಲವು ವಾರಗಳೊಳಗೆ ತೋರಿಸಿಕೊಳ್ಳಿ. ಎಡಬಲದ ವ್ಯತ್ಯಾಸಕ್ಕೆ ವಯಸ್ಸನ್ನು ಕಾರಣ ಮಾಡಲಾಗದು, ವಯಸ್ಸು ಎರಡೂ ಕಿವಿಗೆ ಒಟ್ಟಿಗೇ ಆಗುತ್ತದೆ. ಇಯರ್‌ಬಡ್ ತಪ್ಪೆಂದು ಗೊತ್ತಾಗಿ ವ್ಯತ್ಯಾಸ ಮಾಯವಾದರೂ ಟಿವಿಯ ದೂರಿಗಾಗಿ ಒಮ್ಮೆ ಹೋಗಿಬನ್ನಿ, ಅವಸರವೇನಿಲ್ಲ. ಅವಸರ ಬೇಕಾದ ಸಂದರ್ಭ ಬೇರೆ. ಒಂದು ಕಿವಿ ಒಂದೆರಡು ದಿನದೊಳಗೆ ದಿಢೀರನೆ ಮಂದವಾದರೆ, ಅದರ ಜೊತೆ ಮೊರೆತವೋ ತಲೆಸುತ್ತೋ ಇದ್ದರೆ, ಫೋನು ತೆಗೆಯದೆ ಅದೇ ದಿನ ತಜ್ಞರ ಬಳಿ ಓಡಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲಿ ಸಿಕ್ಕಿದಷ್ಟು ಒಳ್ಳೆಯದು, ವಾರಗಳು ಕಳೆದಂತೆ ಫಲ ಕಡಿಮೆ. ಕಿವಿ ಸೋರುತ್ತಿದ್ದರೆ ಇಯರ್‌ಬಡ್ ಹಾಕುವುದನ್ನೇ ನಿಲ್ಲಿಸಬೇಕು.

ದುಡ್ಡಿನ ಮಾತಿಗೆ ಹೇಳುವುದಾದರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಆದರೆ ನಿಮ್ಮ ಮಟ್ಟದ ತೊಂದರೆಗೆ ಹುಬ್ಬಳ್ಳಿಯಿಂದ ಅಷ್ಟು ದೂರ ಹೋಗುವ ಅಗತ್ಯ ಮೊದಲ ಹಂತದಲ್ಲಿ ಬೀಳುವುದಿಲ್ಲ. ಹೋಗುವ ಹಿಂದಿನ ಸಂಜೆಯಿಂದ ಇಯರ್‌ಬಡ್, ಮದುವೆಮನೆಯ ಧ್ವನಿವರ್ಧಕ ಎರಡರಿಂದಲೂ ದೂರವಿರಿ. ಜೋರು ಸದ್ದಿಗೆ ಕಿವಿ ಕೆಲವು ಗಂಟೆ ಮಂದವಾಗಿಯೇ ಇರುತ್ತದೆ, ಪರೀಕ್ಷೆಯಲ್ಲಿ ಅದೂ ಸೇರಿಕೊಳ್ಳುತ್ತದೆ. ಗುಗ್ಗೆ ತೆಗೆಯಲು ಹತ್ತಿಕಡ್ಡಿ ಹಾಕಬೇಡಿ, ಒಳಗೆ ತಳ್ಳಿಬಿಡುತ್ತೀರಿ. ಫೋನಿನ ಗ್ರಾಫನ್ನು ಪರದೆಯ ಚಿತ್ರ ತೆಗೆದುಕೊಂಡು ಹೋಗಿ ತೋರಿಸಿ, ಯಾವ ಇಯರ್‌ಬಡ್‌ನಲ್ಲಿ ಮಾಡಿದಿರಿ ಎಂದೂ ತಿಳಿಸಿ. ಚಿಕಿತ್ಸೆಯೋ ಗುಗ್ಗೆ ತೆಗೆಯುವುದೋ ಏನಾದರೂ ನಡೆದರೆ, ಮನೆಗೆ ಬಂದು ಮೊದಲು Adapt sound ಆಫ್ ಮಾಡಿಬಿಡಿ, ವೈದ್ಯರು ಕಿವಿ ಸರಿಹೋಯಿತು ಎಂದ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಕೊಂಡು ಹೊಂದಿಸಿ. ಇಯರ್‌ಬಡ್ ಬದಲಾಯಿಸಿದಾಗಲೂ ಹಾಗೆಯೇ.